ಒಂದು ಗುಡಿಸಿನ ಅಂತರ

ಹಾಡು ಶುರುವಾಗಿ ಸುಮಾರು ಎರಡೂವರೆ ನಿಮಿಷದವರೆಗೆ ಕೇಳುಗರಿಗೆ ಸಿಗುವುದು ಒಂದೇ ಕಡೆಯ ಮಾತು. ಗಂಡಸೊಬ್ಬ ಹಳೆಯ ಪ್ರೀತಿಯನ್ನು ನೆನೆಯುತ್ತಾನೆ. ಅವಳು ಆಗ ಏನು ಹೇಳಿದ್ದಳು, ತನಗೆ ಏನನ್ನಿಸಿತ್ತು, ಕೊನೆಗೆ ಅವಳು ತನ್ನನ್ನು ಹೇಗೆ ದೂರ ಮಾಡಿದಳು ಎಂದು ಒಂದೊಂದಾಗಿ ಬಿಚ್ಚಿಡುತ್ತಾನೆ. ತಗ್ಗಿದ ದನಿ, ಅವಸರವಿಲ್ಲದ ಮಾತು. ಪಲ್ಲವಿಯಲ್ಲಿ ಆ ದನಿ ಒಮ್ಮೆಲೇ ಮೇಲಕ್ಕೇರಿ ಒಡೆದುಕೊಂಡಾಗ ಅವನ ಪಕ್ಷ ವಹಿಸದೆ ಇರುವುದು ಕಷ್ಟ. ಆಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ, ಹೆಣ್ಣು ದನಿಯೊಂದು ಬರುತ್ತದೆ. ಅಲ್ಲಿಯವರೆಗೆ ಅವನ ಮಾತಿನಲ್ಲಿ ಬರಿಯ ‘ನೀನು’ ಆಗಿದ್ದವಳು ಈಗ ‘ನಾನು’ ಎನ್ನುತ್ತಾಳೆ.

ಇದು ‘ಸಮ್‌ಬಡಿ ದಟ್ ಐ ಯೂಸ್ಡ್ ಟು ನೋ’. ಆಸ್ಟ್ರೇಲಿಯಾದ ಗಾಯಕ ಗೋಟಿಯೆ 2011ರ ಜುಲೈಯಲ್ಲಿ ಹೊರತಂದ ಹಾಡು. ಹೆಣ್ಣು ದನಿ ನ್ಯೂಜಿಲೆಂಡಿನ ಗಾಯಕಿ ಕಿಂಬ್ರಾ ಅವರದು. 2012ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಮರುವರ್ಷ ವರ್ಷದ ಧ್ವನಿಮುದ್ರಿಕೆಗೆ ಕೊಡುವ ಗ್ರ್ಯಾಮಿಯನ್ನೂ ಪಡೆಯಿತು. ಪ್ರೀತಿ ಮುರಿದ ಹಾಡುಗಳಿಗೆ ಲೋಕದಲ್ಲಿ ಬರವಿಲ್ಲ. ಇಷ್ಟು ವರ್ಷಗಳ ಮೇಲೂ ಈ ಹಾಡನ್ನು ಬಿಡಿಸಿ ನೋಡಬೇಕೆನಿಸುವುದು ಅದರ ಕಥೆಗಾಗಿ ಅಲ್ಲ. ಕಥೆ ತೀರ ಸಾಧಾರಣ. ಆ ಕಥೆಯನ್ನು ಹೇಳುವ ಬಾಯಿ ಚರಣದಿಂದ ಚರಣಕ್ಕೆ ಎಲ್ಲಿ ನಿಲ್ಲುತ್ತದೆ, ಎದುರಿಗೆ ಯಾರನ್ನು ನಿಲ್ಲಿಸಿಕೊಳ್ಳುತ್ತದೆ ಎನ್ನುವುದರಲ್ಲಿ ಅದರ ಬಲವಿದೆ.

ಗೋಟಿಯೆ ಎನ್ನುವುದು ವೇದಿಕೆಯ ಹೆಸರು. ನಿಜವಾದ ಹೆಸರು ವೌಟರ್ ಡಿ ಬ್ಯಾಕರ್. 1980ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆತಾಯಿಯ ಜೊತೆ ಆಸ್ಟ್ರೇಲಿಯಾಕ್ಕೆ ಬಂದವರು. ಮೆಲ್ಬರ್ನ್ ಬಳಿಯ ಮಾರ್ನಿಂಗ್ಟನ್ ಪರ್ಯಾಯ ದ್ವೀಪದಲ್ಲಿ ತಂದೆತಾಯಿಯ ಜಾಗದಲ್ಲಿದ್ದ ಕೊಟ್ಟಿಗೆಯಂಥ ಕಟ್ಟಡದಲ್ಲಿ ಕುಳಿತು ಈ ಹಾಡು ಕಟ್ಟಿದರು. ಬ್ರೆಜಿಲ್‌ನ ಗಿಟಾರ್ ವಾದಕ ಲೂಯಿಜ್ ಬೊನ್ಫಾ 1967ರಲ್ಲಿ ನುಡಿಸಿದ್ದ ‘ಸೆವಿಲ್’ ಎಂಬ ರಚನೆಯಿಂದ ಒಂದು ಪುಟ್ಟ ತುಣುಕನ್ನು ಎತ್ತಿಕೊಂಡು, ಅದನ್ನೇ ಸುತ್ತಿ ಸುತ್ತಿ ನುಡಿಸಿ, ಅದರ ಮೇಲೆ ಮಾತು ಬರೆಯುತ್ತ ಹೋದರು. ಮೊದಲ ಚರಣ ಆಯಿತು, ಎರಡನೆಯದು ಆಯಿತು, ಪಲ್ಲವಿಯೂ ಆಯಿತು. ಅಲ್ಲಿ ಕೈ ನಿಂತಿತು. ಈ ಗಂಡಸಿನ ಕಥೆಗೆ ಇನ್ನು ಸೇರಿಸಲು ಸ್ವಾರಸ್ಯದ್ದೇನೂ ಇಲ್ಲ ಎನ್ನಿಸಿತು ಎಂದು ಅವರೇ ಆಮೇಲೆ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ದಾರಿ ತೆರೆದದ್ದು ಅವಳ ಬಾಯಿಗೆ ಮಾತು ಕೊಡೋಣ ಎನ್ನಿಸಿದಾಗ.

ಅವರು ಸಿಕ್ಕಿಹಾಕಿಕೊಂಡ ಜಾಗ ಸರಿಯಾಗಿ ಎಲ್ಲಿದೆ ಎಂದು ಹುಡುಕಿದರೆ ಹಾಡಿನ ಒಳರಚನೆ ಕಾಣುತ್ತದೆ. ಅದಕ್ಕೆ ದೊಡ್ಡ ಶಾಸ್ತ್ರವೇನೂ ಬೇಕಿಲ್ಲ. ಒಂದು ಹಾಳೆಯಲ್ಲಿ ಚರಣಗಳನ್ನು ಸಾಲಾಗಿ ಗುರುತಿಸಿಕೊಂಡು, ಪ್ರತಿಯೊಂದರ ಎದುರು ಮೂರು ಸಂಗತಿ ಬರೆದುಕೊಳ್ಳಬೇಕು: ಮಾತಾಡುತ್ತಿರುವವರು ಯಾರು, ಯಾರಿಗೆ ಹೇಳುತ್ತಿದ್ದಾರೆ, ಯಾವಾಗಿನ ಮಾತು ಹೇಳುತ್ತಿದ್ದಾರೆ. ಶಾಲೆಯ ವ್ಯಾಕರಣದಲ್ಲಿ ಕಲಿತ ಉತ್ತಮ ಪುರುಷ, ಮಧ್ಯಮ ಪುರುಷ, ಅನ್ಯ ಪುರುಷಗಳೇ ಇಲ್ಲಿ ಕೆಲಸಕ್ಕೆ ಬರುತ್ತವೆ.

ಮೊದಲ ಚರಣವನ್ನು ಹೀಗೆ ಬರೆದುಕೊಂಡರೆ ‘ನಾನು’, ‘ನಾವು’, ‘ನೀನು’ ಮೂರೂ ಸಿಗುತ್ತವೆ. ಅವನು ಜೊತೆಗಿದ್ದ ದಿನಗಳನ್ನು ನೆನೆಯುತ್ತಾನೆ, ಅವಳು ಸುಖದ ತುದಿಯಲ್ಲಿ ಆಡಿದ ಮಾತನ್ನು ನೆನೆಯುತ್ತಾನೆ. ಇದು ಅವಳಿಗೆ ಹೇಳುವ ಮಾತಿನಂತೆ ಕೇಳುತ್ತದೆ. ಆದರೆ ಗಮನಿಸಿದರೆ ಅವಳು ಎದುರಿಗಿಲ್ಲ. ಅವಳಾಡಿದ ಮಾತು ಎರಡನೆಯವರು ವರದಿ ಮಾಡಿದ ಮಾತಾಗಿ ಬರುತ್ತದೆ. ಅವನ ಮಾತಾದರೋ ತನಗೆ ತಾನೇ ಹೇಳಿಕೊಂಡ ಸಮಾಧಾನ. ಅವಳೇ ತನಗೆ ತಕ್ಕವಳು ಎಂದು ಅಂದುಕೊಂಡನಂತೆ, ಹಾಗಿದ್ದೂ ಅವಳ ಬಳಿಯಲ್ಲೇ ಒಂಟಿಯಾಗಿದ್ದನಂತೆ. ಅಂದರೆ ಇಬ್ಬರೂ ಜೊತೆಗಿದ್ದಾಗಲೇ ಒಬ್ಬರಿಗೊಬ್ಬರು ಒಂದು ಮಾತನ್ನೂ ನೇರವಾಗಿ ಆಡಿಕೊಂಡಂತಿಲ್ಲ. ಅವಳು ಏನೋ ಹೇಳಿದಳು, ಅವನು ಮನಸ್ಸಿನಲ್ಲಿ ಏನೋ ಅಂದುಕೊಂಡ. ಆ ‘ನಾವು’ ಒಡೆದಿರುವುದು ಸರ್ವನಾಮಗಳಲ್ಲೇ ಗೊತ್ತಾಗುತ್ತದೆ.

ಎರಡನೆಯ ಚರಣದ ಆರಂಭದಲ್ಲಿ ಬಲು ಸೂಕ್ಷ್ಮವಾದ ಒಂದು ತಿರುವಿದೆ. ದುಃಖಕ್ಕೂ ಚಟ ಹತ್ತಬಹುದು ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಅದರ ಕರ್ತೃಪದ ‘ಯು’. ಆದರೆ ಈ ‘ಯು’ ಅವಳಲ್ಲ, ಲೋಕದಲ್ಲಿ ಯಾರಾದರೂ ಆಗಬಹುದು. ಕನ್ನಡದವರು ಇಂಥ ಕಡೆ ‘ಮನುಷ್ಯನಿಗೆ’ ಎನ್ನುತ್ತಾರೆ, ಇಲ್ಲವೆ ಪದವನ್ನೇ ಬಿಟ್ಟು ‘ಒಮ್ಮೊಮ್ಮೆ ಹಾಗಾಗಿಬಿಡುತ್ತೆ’ ಎಂದು ದಾಟಿಸುತ್ತಾರೆ. ಇಂಗ್ಲಿಷಿನಲ್ಲಿ ಹಾಡಿನ ಕೇಳುಗ ಅದೇ ಸದ್ದನ್ನು ಎರಡು ಅರ್ಥದಲ್ಲಿ, ಕೆಲವೇ ಕ್ಷಣಗಳ ಅಂತರದಲ್ಲಿ ಕೇಳುತ್ತಾನೆ. ಹಿಂದಿನ ಸಾಲಿನ ‘ಯು’ ಅವಳು, ಈ ಸಾಲಿನ ‘ಯು’ ಯಾರಾದರೂ, ಮುಂದಿನ ಸಾಲಿನದು ಮತ್ತೆ ಅವಳು. ಹಾಗೆ ನೋಡಿದರೆ ಈ ನಡುವಿನ ಮಾತಿನ ನಿಜವಾದ ಕರ್ತೃ ಅವನೇ. ಚಟ ಹತ್ತಿದ್ದು ಅವನಿಗೆ. ‘ನನಗೆ’ ಎನ್ನಬೇಕಾದಲ್ಲಿ ಲೋಕದ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೆ. ಚರಣದ ಕೊನೆಗೆ ಬರುವಾಗ ಒಂದು ತಪ್ಪೊಪ್ಪಿಗೆಯೂ ಜಾರುತ್ತದೆ: ಸಂಬಂಧ ಮುಗಿದಾಗ ಅವನಿಗೆ ಸಂತೋಷವೇ ಆಗಿತ್ತು.

ಈ ತಪ್ಪೊಪ್ಪಿಗೆಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಾರಣ, ಅದರ ಬೆನ್ನಿಗೇ ಪಲ್ಲವಿಯ ಅಬ್ಬರ ಬರುತ್ತದೆ. ಸುಮಾರು ಒಂದೂವರೆ ನಿಮಿಷಕ್ಕೆ ಗೋಟಿಯೆಯ ದನಿ ತಾರಕ್ಕೆ ಹಾರುತ್ತದೆ. ಅಲ್ಲಿ ನೆನಪಿಲ್ಲ, ಬರಿಯ ಆರೋಪ. ಅವಳು ತನ್ನನ್ನು ಕಡಿದುಹಾಕಿದಳು, ಅಪರಿಚಿತನಂತೆ ಕಂಡಳು, ಗೆಳೆಯರನ್ನು ಕಳಿಸಿ ತನ್ನ ರೆಕಾರ್ಡುಗಳನ್ನು ತರಿಸಿಕೊಂಡಳು, ಫೋನ್ ನಂಬರು ಬದಲಿಸಿದಳು. ಪ್ರತಿ ಆರೋಪವೂ ‘ನೀನು’ ಎಂದೇ ಬರುತ್ತದೆ. ಕೊನೆಯ ಸಾಲಿನಲ್ಲಿ ಮಾತ್ರ ಆ ‘ನೀನು’ವನ್ನು ‘ಸಮ್‌ಬಡಿ’ ಮಾಡಿಬಿಡುತ್ತಾನೆ. ಒಂದೇ ವಾಕ್ಯದೊಳಗೆ ಮಧ್ಯಮ ಪುರುಷ ಅನ್ಯ ಪುರುಷವಾಗುತ್ತದೆ. ಎದುರಿಗಿದ್ದವಳು ಹೆಸರಿಲ್ಲದ ಯಾರೋ ಒಬ್ಬಳಾಗುತ್ತಾಳೆ. ಅಪರಿಚಿತನಂತೆ ಕಂಡಳು ಎಂಬುದೇ ಅವನ ದೂರು. ಅದೇ ಉಸಿರಿನಲ್ಲಿ ಅವಳನ್ನು ಅಪರಿಚಿತಳನ್ನಾಗಿ ಮಾಡುವವನೂ ಅವನೇ.

ಗೋಟಿಯೆ ನಿಂತುಹೋದದ್ದು ಇಲ್ಲೇ. ‘ನೀನು ಯಾರೋ’ ಎಂದು ಹೇಳಿದ ಮೇಲೆ ಅವಳ ಜೊತೆ ಆಡಲು ಅವನಿಗೆ ಮಾತೇ ಉಳಿಯುವುದಿಲ್ಲ. ಬಾಗಿಲನ್ನು ಅವನೇ ಹಾಕಿಕೊಂಡಿದ್ದಾನೆ. ಇನ್ನೊಂದು ಚರಣ ಬರೆದಿದ್ದರೆ ಅದೇ ದೂರುಗಳ ಮರುಪಾಠವಾಗುತ್ತಿತ್ತು. ಹಾಡು ಮುಂದುವರಿಯಬೇಕಾದರೆ ಆ ‘ಯಾರೋ’ ಎದ್ದು ನಿಲ್ಲಬೇಕಿತ್ತು.

ಕಿಂಬ್ರಾಳ ಚರಣ ಶುರುವಾಗುವುದು ಅವನ ಮೊದಲ ಚರಣ ಶುರುವಾದ ಮಾತುಗಳಿಂದಲೇ. ಆಗಾಗ ಅವಳಿಗೂ ನೆನಪಾಗುತ್ತದೆ. ಆದರೆ ನೆನಪಾಗುವುದು ಜೊತೆಗಿದ್ದ ಸುಖವಲ್ಲ, ಅವನು ಮಾಡಿದ ಮೋಸಗಳು. ಆದದ್ದೆಲ್ಲ ತನ್ನದೇ ತಪ್ಪು ಎಂದು ತನ್ನನ್ನು ನಂಬಿಸಿದ್ದ ಎನ್ನುತ್ತಾಳೆ. ಅವನ ಒಂದೊಂದು ಮಾತಿಗೂ ಒಳಾರ್ಥ ಹುಡುಕುತ್ತ ಬದುಕಲು ತನ್ನಿಂದಾಗದು ಎನ್ನುತ್ತಾಳೆ. ಇಲ್ಲಿ ಕೇಳುಗರ ಕಿವಿ ಹಿಂದಕ್ಕೆ ಓಡುತ್ತದೆ. ಬಳಿಯಲ್ಲಿದ್ದೂ ಒಂಟಿಯಾಗಿದ್ದೆ, ಮನಸ್ಸಿನಲ್ಲೇ ಸಮಾಧಾನ ಹೇಳಿಕೊಂಡೆ ಎಂದು ಅವನು ಮೊದಲು ಹೇಳಿದ್ದನಲ್ಲ, ಅದೇ ಮೌನವನ್ನು ಆಚೆ ಕಡೆಯಿಂದ ಅನುಭವಿಸಿದವಳು ಇವಳು. ಅವನು ಬಾಯಿಬಿಟ್ಟು ಹೇಳಲಿಲ್ಲ, ಇವಳು ಊಹಿಸಬೇಕಾಯಿತು. ಎರಡು ಚರಣಗಳೂ ಒಂದೇ ಮನೆಯ ಕಥೆ ಎಂದು ಗೊತ್ತಾಗುವುದು ಆಗ. ಅವಳು ಅವನ ಒಂದು ಸಂಗತಿಯನ್ನೂ ಸುಳ್ಳೆನ್ನುವುದಿಲ್ಲ. ರೆಕಾರ್ಡುಗಳ ಬಗ್ಗೆ, ಫೋನ್ ನಂಬರಿನ ಬಗ್ಗೆ ಸೊಲ್ಲೆತ್ತುವುದಿಲ್ಲ. ಅವಳು ಕೊಡುವುದು ಕಾರಣವನ್ನು.

ಅವಳ ಚರಣದ ಕೊನೆಯಲ್ಲಿ ಹಾಡಿನ ಅತ್ಯಂತ ಜಾಣ ಕೆಲಸವಿದೆ. ಅವನ ಪಲ್ಲವಿಯ ಮುಖ್ಯ ನುಡಿಯನ್ನೇ, ಅಂದರೆ ಹಾಡಿನ ಶೀರ್ಷಿಕೆಯನ್ನೇ, ಅವಳು ಎತ್ತಿಕೊಳ್ಳುತ್ತಾಳೆ. ಆದರೆ ‘ಐ’ ಇದ್ದಲ್ಲಿ ‘ಯು’ ಇಡುತ್ತಾಳೆ. ಹಳೆಯದನ್ನು ಬಿಟ್ಟುಬಿಡಬಲ್ಲೆ, ಹಿಂದೆ ಗೊತ್ತಿದ್ದ ಯಾರಿಗೋ ಜೋತುಬಿದ್ದವನಲ್ಲ ಎಂದು ನೀನೇ ಹೇಳಿದ್ದೆಯಲ್ಲ ಎಂಬುದು ಅವಳ ಮಾತಿನ ತಾತ್ಪರ್ಯ. ಈ ಸಾಲನ್ನು ಎರಡು ರೀತಿಯಲ್ಲಿ ಕೇಳಬಹುದು. ಆ ‘ಯಾರೋ’ ಅವಳೇ ಇರಬಹುದು: ಬೇರೆಯಾದ ಮೇಲೆ ನನ್ನನ್ನು ಬಿಟ್ಟುಬಿಡುತ್ತೇನೆ ಎಂದಿದ್ದೆ, ಈಗ ಏಕೆ ಹೀಗೆ ಕೂಗುತ್ತೀಯ ಎಂದು. ಇಲ್ಲವೆ ಅದು ಅವಳಿಗಿಂತ ಮುಂಚೆ ಅವನ ಬದುಕಿನಲ್ಲಿದ್ದ ಇನ್ನೊಬ್ಬಳಾಗಿರಬಹುದು. ಎರಡನೆಯ ಅರ್ಥ ಹಿಡಿದರೆ ಇಡೀ ಹಾಡು ಬೇರೆಯಾಗಿ ಕಾಣುತ್ತದೆ. ಅವಳ ಬಳಿ ಇದ್ದೂ ಅವನು ಒಂಟಿಯಾಗಿದ್ದುದಕ್ಕೆ ಕಾರಣ ಆ ಮೂರನೆಯವಳ ನೆನಪು. ಇಂದು ಇವಳಿಗಾಗಿ ಹಾಡುತ್ತಿರುವ ಇದೇ ಶೋಕವನ್ನು ಅಂದು ಅವಳಿಗಾಗಿ ಹಾಡುತ್ತಿದ್ದ. ದುಃಖದ ಚಟ ಎಂದು ಅವನು ಲೋಕದ ಮೇಲೆ ಹೊರಿಸಿದ್ದ ಮಾತು ಅವನ ಮೇಲೇ ಬಂದು ಕೂರುತ್ತದೆ. ಹಾಡಿನ ಮಾತುಗಳಲ್ಲಿ ಯಾವ ಅರ್ಥ ಸರಿ ಎಂದು ತೀರ್ಮಾನಿಸಲು ಆಧಾರವಿಲ್ಲ. ಆದರೆ ಎರಡನೆಯ ಅರ್ಥವೇ ಹೆಚ್ಚು ಸಂಗತಿಗಳನ್ನು ಒಂದಕ್ಕೊಂದು ಹೊಂದಿಸುತ್ತದೆ.

ಸಂಗೀತವೂ ಈ ತಿರುವಿಗೆ ಹೆಗಲು ಕೊಡುತ್ತದೆ. ಅವಳ ಚರಣ ಮೊದಲಾಗುವುದು ಅವನ ಚರಣದ ಹಾಗೆ ತಗ್ಗಿದ ದನಿಯಲ್ಲಿ. ಹಾಡುತ್ತ ಹಾಡುತ್ತ ಅವಳು ಪಲ್ಲವಿಯ ಎತ್ತರಕ್ಕೆ ಏರುತ್ತಾಳೆ. ಅವನಿಗೆ ಎರಡು ಚರಣ ಮತ್ತು ಒಂದು ಪಲ್ಲವಿ ಬೇಕಾದ ಪ್ರಯಾಣವನ್ನು ಅವಳು ಒಂದೇ ಚರಣದಲ್ಲಿ ಮುಗಿಸುತ್ತಾಳೆ. ಅವಳಿಗೆಂದು ಪ್ರತ್ಯೇಕ ಪಲ್ಲವಿ ಕೊಟ್ಟಿಲ್ಲ.

ಮತ್ತೆ ಪಲ್ಲವಿ ಬಂದಾಗ ಅವನು ಏನು ಮಾಡುತ್ತಾನೆ? ಏನೂ ಇಲ್ಲ. ಅದೇ ಆರೋಪಗಳು, ಅದೇ ಕ್ರಮ, ಅದೇ ರೆಕಾರ್ಡು, ಅದೇ ಫೋನ್ ನಂಬರು. ಅವಳ ಒಂದು ಮಾತಿಗೂ ಉತ್ತರವಿಲ್ಲ. ಪಲ್ಲವಿ ಎಂದಮೇಲೆ ಮರಳಿ ಬರಲೇಬೇಕು, ಅದು ಹಾಡಿನ ಕಟ್ಟುಪಾಡು. ಇಲ್ಲಿ ಆ ಕಟ್ಟುಪಾಡೇ ಪಾತ್ರದ ಸ್ವಭಾವವಾಗಿ ಒದಗಿಬಂದಿದೆ: ಕೇಳಿಸಿಕೊಳ್ಳದ ಮನುಷ್ಯ ಹೇಳಿದ್ದನ್ನೇ ಹೇಳುತ್ತಾನೆ. ಮೊದಲ ಸಲ ಕರುಳು ಹಿಂಡಿದ ಅದೇ ಸಾಲುಗಳು ಎರಡನೆಯ ಸಲ ಹಟದಂತೆ ಕೇಳುತ್ತವೆ. ಒಂದು ಅಕ್ಷರವೂ ಬದಲಾಗದೆ ಅರ್ಥ ಬದಲಾಗುವುದು ಹೀಗೆ. ಹಿನ್ನೆಲೆಯಲ್ಲಿ ಅವಳ ದನಿಯೂ ಸೇರಿಕೊಂಡಿರುತ್ತದೆ. ಅದನ್ನು ಅವಳು ಅವನ ಮಾತನ್ನು ಒಪ್ಪಿಕೊಂಡ ಗುರುತೆಂದು ತಿಳಿಯಬೇಕಿಲ್ಲ. ‘ಯಾರೋ’ ಎಂಬ ಮಾತು ಈಗ ಇಬ್ಬರಿಗೂ ಒಪ್ಪುತ್ತದೆ, ಅಷ್ಟೆ.

ನತಾಶಾ ಪಿಂಕಸ್ ನಿರ್ದೇಶಿಸಿದ ವಿಡಿಯೊ ಇದನ್ನು ಬಣ್ಣದಲ್ಲಿ ಹೇಳುತ್ತದೆ. ಗೋಟಿಯೆಯ ಬರಿಮೈ ಮೇಲೆ ಚಿತ್ರಕಲಾವಿದೆ ಎಮ್ಮಾ ಹ್ಯಾಕ್ ಹಿಂದಿನ ಗೋಡೆಯ ಜ್ಯಾಮಿತಿಯ ಚಿತ್ತಾರವನ್ನೇ ಬಿಡಿಸುತ್ತ ಹೋಗುತ್ತಾರೆ. ಮನುಷ್ಯ ಗೋಡೆಯಲ್ಲಿ ಕರಗುತ್ತಾನೆ. ಕಿಂಬ್ರಾ ಕೂಡ ಅದೇ ಗೋಡೆಯಲ್ಲಿ ಬಣ್ಣವಾಗಿ ಬೆನ್ನು ಮಾಡಿ ನಿಂತಿರುತ್ತಾರೆ. ತಮ್ಮ ಚರಣದಲ್ಲಿ ತಿರುಗಿ, ಅವನ ಹತ್ತಿರ ಬಂದು, ಅವನ ಕಿವಿಯ ಬಳಿಯೇ ಹಾಡುತ್ತಾರೆ. ಕೊನೆಗೆ ತಮ್ಮ ಜಾಗಕ್ಕೆ ಮರಳಿದಾಗ ಅವರ ಮೈಮೇಲಿನ ಬಣ್ಣ ಅಳಿಸಿಹೋಗುತ್ತದೆ. ಅವನು ಗೋಡೆಯಾಗಿಯೇ ಉಳಿಯುತ್ತಾನೆ. ಆದರೂ ವಿಡಿಯೊವನ್ನು ಸಾಕ್ಷಿಯಾಗಿ ಬಳಸುವಾಗ ಎಚ್ಚರ ಬೇಕು. ಅದು ಹಾಡನ್ನು ಓದಿದ ಇನ್ನೊಬ್ಬ ಕಲಾವಿದೆಯ ಓದು.

ಇಂಥ ವಿಶ್ಲೇಷಣೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಹಾಡುವವರನ್ನೂ ಹಾಡಿನೊಳಗಿನ ‘ನಾನು’ವನ್ನೂ ಒಂದೇ ಎಂದುಕೊಳ್ಳುವುದು. ಕಿಂಬ್ರಾ ಹಾಡಿದ ಮಾತುಗಳನ್ನೂ ಬರೆದವರು ಗೋಟಿಯೆ. ಅವಳ ಸಮರ್ಥನೆ ಬಂದಿರುವುದು ಅವನನ್ನು ಸೃಷ್ಟಿಸಿದವರ ಲೇಖನಿಯಿಂದಲೇ. ಹೀಗಾಗಿ ಇದು ನ್ಯಾಯಪಂಚಾಯಿತಿಯಲ್ಲಿ ಎರಡೂ ಕಡೆಯವರು ಬಂದು ಹೇಳಿಕೆ ಕೊಟ್ಟ ಹಾಗಲ್ಲ. ಒಬ್ಬ ಬರಹಗಾರ ತನ್ನ ನಿರೂಪಕನನ್ನು ತಾನೇ ನಂಬದೆ ಹೋದ ಬಗೆ ಅದು. ಎರಡನೆಯವಳ ಮಾತು ಕೊನೆಯಲ್ಲಿ ಬಂತು ಎಂಬ ಕಾರಣಕ್ಕೆ ಅವಳದೇ ಸತ್ಯ ಎನ್ನುವುದೂ ಅವಸರವೇ. ಅವಳೂ ‘ಆಗಾಗ’ ನೆನೆಯುತ್ತಾಳೆ, ಅವಳೂ ತನಗೆ ಬೇಕಾದುದನ್ನೇ ಆರಿಸಿಕೊಳ್ಳುತ್ತಾಳೆ. ಚರಣಗಳ ಸ್ಥಾನವನ್ನು ಅದಲುಬದಲು ಮಾಡಿ ಕಲ್ಪಿಸಿಕೊಂಡರೆ ಇದು ತಿಳಿಯುತ್ತದೆ. ಅವಳ ಚರಣ ಮೊದಲು ಬಂದಿದ್ದರೆ ಕೇಳುಗರು ಅವನ ದೂರನ್ನು ಅಷ್ಟು ಹೊತ್ತು ನಂಬಿ ಕೂತಿರುತ್ತಿರಲಿಲ್ಲ.

ಹಾಡು ಬೇರೆ ಬಾಯಿಗಳಿಗೆ ಹೋದಾಗ ಏನಾಯಿತು ಎಂದು ನೋಡಿದರೆ ಈ ರಚನೆಯ ಗುಟ್ಟು ಇನ್ನಷ್ಟು ಬಯಲಾಗುತ್ತದೆ. 2012ರ ಜನವರಿಯಲ್ಲಿ ಕೆನಡಾದ ‘ವಾಕ್ ಆಫ್ ದಿ ಅರ್ಥ್’ ತಂಡದ ಐವರು ಒಂದೇ ಗಿಟಾರಿಗೆ ಮುತ್ತಿಕೊಂಡು ಈ ಹಾಡನ್ನು ನುಡಿಸಿ ಹಾಡಿದ ವಿಡಿಯೊ ಲೋಕವೆಲ್ಲ ಸುತ್ತಿತು. ನೋಡಲು ಬಲು ಚೆಂದ. ಆದರೆ ಹೆಗಲಿಗೆ ಹೆಗಲು ತಾಗಿಸಿ, ಒಂದೇ ವಾದ್ಯವನ್ನು ಹಂಚಿಕೊಂಡು ನಿಂತವರ ನಡುವೆ ‘ನೀನು ಯಾರೋ’ ಎಂಬ ಮಾತು ಕಚ್ಚುವುದಿಲ್ಲ. ಅದೇ ವರ್ಷ ‘ಗ್ಲೀ’ ಎಂಬ ಅಮೆರಿಕದ ಟಿವಿ ಧಾರಾವಾಹಿಯಲ್ಲಿ ಇದನ್ನು ಇಬ್ಬರು ಅಣ್ಣತಮ್ಮಂದಿರು ಹಾಡುತ್ತಾರೆ. ಮುನಿಸಿಕೊಂಡ ತಮ್ಮ ಒಂದು ಚರಣ, ಅಣ್ಣ ಇನ್ನೊಂದು. ಪ್ರೇಮದ ಹಾಡು ದಾಯಾದಿ ಮುನಿಸಿನ ಹಾಡಾದರೂ ಅದು ನಿಲ್ಲುತ್ತದೆ. ‘ಐ’, ‘ಯು’ಗಳಿಗೆ ಲಿಂಗವಿಲ್ಲ. ಅವು ಯಾರ ಬಾಯಲ್ಲಾದರೂ ಕೂರುತ್ತವೆ. ಎರಡು ಬಾಯಿ ಬೇಕು, ನಡುವೆ ದೂರ ಇರಬೇಕು, ಅಷ್ಟಿದ್ದರೆ ಹಾಡು ಜೀವ ಹಿಡಿಯುತ್ತದೆ.

ಎರಡನೆಯ ಚರಣದಲ್ಲಿ ಹೆಣ್ಣಿಗೆ ಮಾತು ಕೊಡುವ ಉಪಾಯ ಗೋಟಿಯೆಯ ಆವಿಷ್ಕಾರವಲ್ಲ. ಮೂವತ್ತು ವರ್ಷ ಮೊದಲು, 1981ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್ ನಗರದ ಹ್ಯೂಮನ್ ಲೀಗ್ ತಂಡ ‘ಡೋಂಟ್ ಯು ವಾಂಟ್ ಮೀ’ ಹಾಡಿನಲ್ಲಿ ಅದನ್ನು ಮಾಡಿತ್ತು. ಫಿಲಿಪ್ ಓಕಿ ಹಾಡುವ ಮೊದಲ ಚರಣದಲ್ಲಿ ಗಂಡಸು ಬಾರಿನಲ್ಲಿ ಪರಿಚಾರಿಕೆಯಾಗಿದ್ದವಳನ್ನು ತಾನು ತಾರೆ ಮಾಡಿದೆ ಎಂದು ಕೊಚ್ಚಿಕೊಳ್ಳುತ್ತಾನೆ, ಬಿಟ್ಟುಹೋದರೆ ಮತ್ತೆ ಹಳೆಯ ಜಾಗಕ್ಕೇ ತಳ್ಳಬಲ್ಲೆ ಎಂದು ಬೆದರಿಸುತ್ತಾನೆ. ಎರಡನೆಯ ಚರಣದಲ್ಲಿ ಸೂಸನ್ ಆನ್ ಸಲ್ಲಿ ಆ ಹೆಣ್ಣಾಗಿ ಉತ್ತರ ಕೊಡುತ್ತಾಳೆ. ಬಾರಿನಲ್ಲಿ ಕೆಲಸ ಮಾಡುತ್ತಿದ್ದುದು ನಿಜ, ಆದರೆ ನೀನಿಲ್ಲದೆಯೂ ಮೇಲೆ ಬರುತ್ತಿದ್ದೆ, ಇನ್ನು ನನ್ನ ಬದುಕು ನನಗೆ ಎಂಬುದು ಅವಳ ನಿಲುವು. ಮೊದಲು ಓಕಿ ಒಬ್ಬರೇ ಹಾಡಲೆಂದು ಯೋಚಿಸಿದ್ದ ಹಾಡು ಅದು. ಆ ತಂಡದ ಹೆಣ್ಣು ಅವನ ಆರೋಪಕ್ಕೆ ನೇರ ಉತ್ತರ ಕೊಡುತ್ತಾಳೆ, ಅವನ ಸಂಗತಿಗಳನ್ನೇ ಒಂದೊಂದಾಗಿ ಮುಟ್ಟುತ್ತಾಳೆ. ಇಬ್ಬರೂ ಒಂದೇ ಕೋಣೆಯಲ್ಲಿ ಜಗಳವಾಡುತ್ತಿದ್ದಾರೆ ಎಂದು ಅನ್ನಿಸುತ್ತದೆ. ಗೋಟಿಯೆಯ ಹಾಡಿನಲ್ಲಿ ಇಬ್ಬರೂ ಬೇರೆ ಬೇರೆ ಮನೆಗಳಲ್ಲಿ ಕೂತು, ಕೇಳಿಸದ ಗೋಡೆಗೆ ಹೇಳುತ್ತಿದ್ದಾರೆ.

ಬಾಯಿ ಒಂದೇ ಇದ್ದು ಪುರುಷ ಮಾತ್ರ ಬದಲಾಗುವ ಬೇರೊಂದು ಜಾತಿಯೂ ಇದೆ. ಅದರ ದೊಡ್ಡ ಉದಾಹರಣೆ ಬಾಬ್ ಡಿಲನ್ ಅವರ ‘ಟ್ಯಾಂಗಲ್ಡ್ ಅಪ್ ಇನ್ ಬ್ಲೂ’. 1974ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ಧ್ವನಿಮುದ್ರಿಸಿದಾಗ ಮೊದಲ ಚರಣದಲ್ಲಿ ಹಾಸಿಗೆಯಲ್ಲಿ ಮಲಗಿ ಹಳೆಯ ಪ್ರೀತಿಯನ್ನು ನೆನೆಯುತ್ತಿದ್ದವನು ‘ಅವನು’. ಅದೇ ಡಿಸೆಂಬರಿನ ಕೊನೆಯಲ್ಲಿ ಮಿನಿಯಾಪೊಲಿಸ್‌ನಲ್ಲಿ ಮತ್ತೆ ಹಾಡಿದಾಗ ಆ ‘ಅವನು’ ‘ನಾನು’ ಆದ. 1975ರ ಜನವರಿಯಲ್ಲಿ ‘ಬ್ಲಡ್ ಆನ್ ದಿ ಟ್ರ್ಯಾಕ್ಸ್’ ಆಲ್ಬಮ್ಮಿನಲ್ಲಿ ಬಂದದ್ದು ಈ ಎರಡನೆಯದು. ಹಳೆಯದು 1991ರಲ್ಲಿ ಬೇರೊಂದು ಸಂಗ್ರಹದಲ್ಲಿ ಬೆಳಕು ಕಂಡಿತು. 1984ರ ಯುರೋಪ್ ಪ್ರವಾಸದಲ್ಲಿ ಡಿಲನ್ ಮಾತುಗಳನ್ನೇ ಬಹಳಷ್ಟು ತಿದ್ದಿ ಮತ್ತೆ ‘ಅವನು’ ಎಂದೇ ಹಾಡಿದರು. 1974ರಲ್ಲಿ ನಾರ್ಮನ್ ರೇಬೆನ್ ಎಂಬ ಚಿತ್ರಕಾರರ ಬಳಿ ಕಲಿತದ್ದು, ನಿನ್ನೆ ಇವತ್ತು ನಾಳೆಗಳನ್ನು ಒಂದೇ ಚೌಕಟ್ಟಿನಲ್ಲಿ ನೋಡಲು ತಮಗೆ ದಾರಿಯಾಯಿತು ಎಂದು ಡಿಲನ್ ಹೇಳಿದ್ದುಂಟು. ಇಲ್ಲಿ ಅವಳಿಗೆ ಸ್ವಂತ ಚರಣವಿಲ್ಲ. ಆದರೆ ಹೇಳುವವನೇ ತನ್ನ ಕಥೆಯಿಂದ ಎಷ್ಟು ದೂರ ನಿಲ್ಲಬೇಕೆಂದು ಹತ್ತು ವರ್ಷ ಅಳೆದು ನೋಡಿದ್ದಾನೆ. ‘ಅವನು’ ಎಂದಾಗ ನೋವು ಯಾರದೋ ಸುದ್ದಿ, ‘ನಾನು’ ಎಂದಾಗ ಅದೇ ಹಾಸಿಗೆ ಕೇಳುಗರ ಹತ್ತಿರಕ್ಕೆ ಬರುತ್ತದೆ.

ಈ ಲೆಕ್ಕವನ್ನು ಕನ್ನಡಕ್ಕೆ ತಂದು ನೋಡಿದರೆ ಇಂಗ್ಲಿಷಿಗಿಲ್ಲದ ಸೌಲಭ್ಯವೊಂದು, ಜೊತೆಗೇ ಒಂದು ತೊಡಕು ಕಾಣುತ್ತದೆ. ಕನ್ನಡದ ಹಾಡಿಗೆ ಸರ್ವನಾಮ ಬೇಕೇಬೇಕೆಂದಿಲ್ಲ. ಕ್ರಿಯಾಪದದ ತುದಿಯೇ ಯಾರು ಎಂದು ಹೇಳಿಬಿಡುತ್ತದೆ. ‘ಹೋದ’ ಎಂದರೆ ಅವನು, ‘ಹೋದಳು’ ಎಂದರೆ ಅವಳು, ‘ಹೋಗುತ್ತೇನೆ’ ಎಂದರೆ ನಾನು, ‘ಹೋಗುತ್ತೀಯ’ ಎಂದರೆ ನೀನು. ಆದರೆ ಭೂತಕಾಲದ ಒಂದು ಮೂಲೆಯಲ್ಲಿ ಈ ಗುರುತು ಅಳಿಸಿಹೋಗಿದೆ. ನಾನೂ ‘ಹೋದೆ’, ನೀನೂ ‘ಹೋದೆ’. ಹಳಗನ್ನಡದಲ್ಲಿ ‘ಪೋದೆನ್’ ಎಂದರೆ ನಾನು, ‘ಪೋದಯ್’ ಎಂದರೆ ನೀನು. ಎರಡೂ ಬೇರೆಬೇರೆಯಾಗಿಯೇ ಇದ್ದವು. ಉತ್ತರ ಕರ್ನಾಟಕದ ಮಾತಿನಲ್ಲಿ ಇಂದಿಗೂ ‘ನೀ ಹೋದಿ’ ಎಂದೇ ಇದೆ, ಅಲ್ಲಿ ಗೊಂದಲವಿಲ್ಲ. ಆದರೆ ಸಿನಿಮಾ ಹಾಡುಗಳು ಬಹುಪಾಲು ಬಳಸುವ ಶಿಷ್ಟ ಕನ್ನಡದಲ್ಲಿ ‘ಬಿಟ್ಟು ಹೋದೆ’ ಎಂದು ಬರಿದೇ ಹಾಡಿದರೆ ಬಿಟ್ಟವರು ಯಾರು ಎಂದು ಆ ಎರಡು ಪದಗಳಿಂದ ತಿಳಿಯುವುದಿಲ್ಲ. ‘ಮರೆತೆ’, ‘ಕಳೆದುಕೊಂಡೆ’, ‘ಸುಳ್ಳು ಹೇಳಿದೆ’ ಎಲ್ಲವೂ ಹಾಗೆಯೇ. ಪ್ರೀತಿ ಮುರಿದ ಹಾಡಿನ ಮಾತುಗಳು ಹೆಚ್ಚಿನವು ಭೂತಕಾಲದಲ್ಲೇ ಇರುತ್ತವೆ. ಹೀಗಾಗಿ ಕನ್ನಡದ ಗೀತರಚನಕಾರ ಎಲ್ಲಿ ‘ನಾ’, ‘ನೀ’ಗಳನ್ನು ಹಾಕುತ್ತಾನೆ, ಎಲ್ಲಿ ಬಿಡುತ್ತಾನೆ ಎಂದು ನೋಡಿದರೆ ಆರೋಪ ಮತ್ತು ತಪ್ಪೊಪ್ಪಿಗೆಗಳ ನಡುವಿನ ಗೆರೆಯನ್ನು ಅವನು ಎಲ್ಲಿ ಎಳೆದಿದ್ದಾನೆ ಎಂಬುದು ಸಿಗುತ್ತದೆ.

ಗೋಟಿಯೆಯ ಹಾಡನ್ನು ಕನ್ನಡಿಸಲು ಕೂತವರಿಗೆ ಎರಡನೆಯ ಚರಣದ ಆ ಲೋಕಸಾಮಾನ್ಯ ‘ಯು’ ದಕ್ಕುವುದಿಲ್ಲ. ‘ನೀನು’ ಎಂದರೆ ಅವಳ ಮೇಲೆ ಆರೋಪವಾಗುತ್ತದೆ, ‘ಮನುಷ್ಯನಿಗೆ’ ಎಂದರೆ ಪ್ರವಚನವಾಗುತ್ತದೆ. ಪದವನ್ನೇ ಬಿಟ್ಟು ದಾಟಿಸುವುದೊಂದೇ ಉಳಿಯುವ ದಾರಿ. ಆದರೆ ಶೀರ್ಷಿಕೆಯ ತಿರುವು ಮಾತ್ರ ಕನ್ನಡದಲ್ಲಿ ಮೂಲಕ್ಕಿಂತ ಬಿಗಿಯಾಗಿ ಕೂರುತ್ತದೆ. ಅವನು ‘ನನಗೆ ಗೊತ್ತಿದ್ದ ಯಾರೋ’ ಎನ್ನಬೇಕು, ಅವಳು ‘ನಿನಗೆ ಗೊತ್ತಿದ್ದ ಯಾರೋ’ ಎಂದು ತಿರುಗಿಸಬೇಕು. ಇಂಗ್ಲಿಷಿನಲ್ಲಿ ಪದವೇ ಬದಲಾಗುತ್ತದೆ. ಕನ್ನಡದಲ್ಲಿ ಬರೆದರೆ ಮೊದಲ ಅಕ್ಷರದ ಮೇಲೆ ಒಂದು ಗುಡಿಸು ಬೀಳುತ್ತದೆ, ಉಳಿದದ್ದೆಲ್ಲ ಹಾಗೇ ಇರುತ್ತದೆ.